ಸೆಲ್ಲರ್ ಅಕೌಂಟ್ ಮಾಡೋವಾಗ ಕ್ಯಾಟಲಾಗ್, ಟ್ಯಾಕ್ಸ್, ರಿಟರ್ನ್ ಹೇಗೆ ತುಂಬೋದು?

ಪ್ರಶ್ನೆ: ಟೀ ಶರ್ಟ್ ಹೊಲಿಸಿ ಆನ್‌ಲೈನ್‌ನಲ್ಲಿ ಮಾರಬೇಕು ಅಂತಿದೀನಿ. ಸೆಲ್ಲರ್ ಅಕೌಂಟ್ ಫಾರಂನಲ್ಲಿ ಟ್ಯಾಕ್ಸ್, ಲಿಸ್ಟಿಂಗ್, ರಿಟರ್ನ್ ಅಂತ ಏನೇನೋ ಕೇಳ್ತಿದೆ, ಯಾವುದನ್ನ ಹುಷಾರಾಗಿ ತುಂಬಬೇಕು?

ಟ್ಯಾಕ್ಸ್ ಪೇಜಲ್ಲಿ ಮುಖ್ಯವಾಗಿ ಹೆಸರು ನೋಡ್ಕೊಳ್ಳಿ. ಟ್ಯಾಕ್ಸ್ ನೋಂದಣಿಲಿ ಇರೋ ಹೆಸರು, ಬ್ಯಾಂಕ್ ಖಾತೆ ಹೆಸರು ಎರಡೂ ತಾಳೆ ಆಗ್ಬೇಕು, ಒಂದರಲ್ಲಿ ಬರೀ ಇನಿಷಿಯಲ್ ಇನ್ನೊಂದರಲ್ಲಿ ಪೂರ್ತಿ ಹೆಸರು ಇದ್ರೆ ವೆರಿಫಿಕೇಶನ್ ಅಲ್ಲೇ ನಿಂತ್ಕೊಳ್ಳಬಹುದು. ಗಿರಾಕಿಗಳಿಗೆ ಕಾಣೋ ಅಂಗಡಿ ಹೆಸರು ಬೇರೆ, ಅದನ್ನ ನಿಮಗೆ ಇಷ್ಟ ಬಂದಂಗೆ ಇಟ್ಕೊಳ್ಳಿ. ನೀವು ಹಾಕೋ ಬೆಲೆಲಿ ಟ್ಯಾಕ್ಸ್ ಸೇರಿದ್ಯಾ ಇಲ್ವಾ ಅನ್ನೋದನ್ನೂ ನೋಡಿ, ಸೇರಿದೆ ಅಂತ ಆದ್ರೆ ಅದು ನಿಮ್ಮ ಲಾಭದಿಂದಾನೇ ಹೋಗೋದು.

ನಿಜವಾಗ್ಲೂ ಟೈಮ್ ಕೊಡಬೇಕಾಗಿರೋದು ಕ್ಯಾಟಲಾಗ್‌ಗೆ. ನಿಮ್ಮ ಶರ್ಟ್ 2 ಬಣ್ಣ, 3 ಸೈಜ್ ಇದೆ ಅಂತ ಇಟ್ಕೊಳ್ಳಿ, ಆಗ 6 ಬೇರೆ ಬೇರೆ ಲಿಸ್ಟಿಂಗ್ ಮಾಡೋಕೆ ಹೋಗ್ಬೇಡಿ, ರಿವ್ಯೂ ಎಲ್ಲಾ ಹಂಚಿ ಹೋಗುತ್ತೆ. ವೇರಿಯೇಶನ್ ಅಂತ ಆಪ್ಷನ್ ಇರುತ್ತೆ, ಅದರಲ್ಲಿ ಮೇಲೊಂದು ಪೇರೆಂಟ್, ಅದರ ಕೆಳಗೆ ಒಂದೊಂದು ಬಣ್ಣ-ಸೈಜ್‌ಗೆ ಒಂದರಂತೆ 6 ಚೈಲ್ಡ್. ಪೇರೆಂಟ್‌ಗೆ ಸ್ಟಾಕ್ ಇರಲ್ಲ, ಅದು ಬರೀ ಕಟ್ಟು ಕಟ್ಟೋ ದಾರ ಇದ್ದಂಗೆ. ಸ್ಟಾಕು, ಎಸ್‌ಕೆಯು ಎಲ್ಲಾ ಚೈಲ್ಡ್‌ಗೆ ಹಾಕೋದು, ಎಸ್‌ಕೆಯು ಅಂದ್ರೆ ಒಂದೊಂದು ಮಾಲಿಗೆ ನೀವೇ ಕೊಡೋ ಗುರುತಿನ ಕೋಡ್. ಎಸ್‌ಕೆಯು ನೋಡಿದ ತಕ್ಷಣ ಗೊತ್ತಾಗೋ ಹಂಗಿರಲಿ, TS-BLU-M ಅಂದ್ರೆ ನೀಲಿ ಮೀಡಿಯಂ ಅಂತ, ಯಾಕಂದ್ರೆ ರಿಟರ್ನ್ ಬಂದ ಪ್ಯಾಕೆಟ್ ಯಾವುದು ಅಂತ ನೀವು ಹುಡುಕೋದೂ ಅದರಿಂದಾನೇ. ಬಾರ್‌ಕೋಡ್ ಕೇಳಿದ್ರೆ ಎಲ್ಲೋ ಅಗ್ಗಕ್ಕೆ ಸಿಗೋ ನಂಬರ್ ತಗೋಬೇಡಿ, ಬಾರ್‌ಕೋಡ್ ನಂಬರ್ ಕೊಡೋ ಸಂಸ್ಥೆ ಜಿಎಸ್1 ದಾಖಲೆಲಿ ಅದು ಬೇರೆಯವರ ಹೆಸರಲ್ಲಿದ್ರೆ ಲಿಸ್ಟಿಂಗ್ ರಿಜೆಕ್ಟ್ ಆಗಬಹುದು. ಸ್ವಂತ ಹೊಲಿಗೆ ಮಾಲಿಗೆ ಬಾರ್‌ಕೋಡ್ ವಿನಾಯಿತಿ ಕೊಡ್ತಾರಾ ಅಂತ ಮೊದಲು ನೋಡಿ.

ಇನ್ನು ಸೈಜ್ ಚಾರ್ಟ್. ಇದು ಕ್ಯಾಟಲಾಗ್‌ನಲ್ಲಿ ಕೂತಿರುತ್ತೆ, ಆದ್ರೆ ರಿಟರ್ನ್ ಖರ್ಚು ಇದರಿಂದ ಹುಟ್ಟುತ್ತೆ. ಶರ್ಟ್ ಟೇಬಲ್ ಮೇಲೆ ಹಾಸಿ ಕಂಕುಳಿಂದ ಕಂಕುಳಿಗೆ ಅಳೆದ್ರೆ 20 ಇಂಚು ಬರುತ್ತೆ ಅಂದ್ಕೊಳ್ಳಿ, ಅಂದ್ರೆ ಬಟ್ಟೆಯ ಸುತ್ತಳತೆ 40. ಚಾರ್ಟಲ್ಲಿ ಬರೀ "ಎದೆ 40" ಅಂತ ಬರೆದ್ರೆ ಎದೆ 40 ಇಂಚು ಇರೋರೇ ಅದನ್ನ ತಗೋತಾರೆ, ಮೈಗೆ ಅಂಟ್ಕೊಳ್ಳುತ್ತೆ, ವಾಪಸ್ ಕಳಿಸ್ತಾರೆ. "ಬಟ್ಟೆಯ ಸುತ್ತಳತೆ 40, ಎದೆ 36-37 ಇರೋರಿಗೆ" ಅಂತ ಬಿಡಿಸಿ ಬರೀರಿ.

ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ ರಿಟರ್ನ್ ಸಾಗಣೆ ಖರ್ಚು ಯಾರದ್ದು ಅನ್ನೋದು ಹೆಚ್ಚಾಗಿ ಗಿರಾಕಿ ಆರಿಸೋ ಕಾರಣದ ಮೇಲೆ ನಿಲ್ಲುತ್ತೆ. ಮನಸ್ಸು ಬದಲಾಯ್ತು ಅಂದ್ರೆ ಅವರ ಮೇಲೆ ಹಾಕೋ ಅವಕಾಶ ಕೆಲವು ಕಡೆ ಇದೆ, "ವಿವರಣೆಗೆ ತಕ್ಕಂಗಿಲ್ಲ" ಅಂದ್ರೆ ಸಾಮಾನ್ಯವಾಗಿ ನಿಮ್ಮ ತಲೆ ಮೇಲೇ. ರಿಟರ್ನ್ ವಿಳಾಸನೂ ಚೆಕ್ ಮಾಡಿ, ನೋಂದಣಿ ವಿಳಾಸವೇ ತಾನಾಗಿ ಕೂತಿರಬಹುದು, ಮಾಲು ಬೇರೆ ಕಡೆ ಇಟ್ಟಿದ್ರೆ ಬದಲಾಯಿಸಿ. ಮೊದಲು ಒಂದು ಬಣ್ಣದ 3 ಸೈಜ್ ಮಾತ್ರ ಲೈವ್ ಮಾಡಿ, ರಿಟರ್ನ್ ರಿಪೋರ್ಟಲ್ಲಿ ಒಂದೇ ಸೈಜ್‌ಗೆ ಒಂದೇ ಕಾರಣ ಮತ್ತೆ ಮತ್ತೆ ಬರ್ತಿದ್ರೆ ಆ ಸೈಜಿನ ಅಳತೆ ತಿದ್ದಿ, ಆಮೇಲೆ ಇನ್ನೊಂದು ಬಣ್ಣ ಹಾಕಿ.