ಹುಟ್ಟಿದ ವರ್ಷ ಮಾತ್ರ ಗೊತ್ತಿದ್ದರೆ ಕಚೇರಿಯವರು ಯಾವ ತಾರೀಖು ಹಿಡಿಯುತ್ತಾರೆ?

ಪ್ರಶ್ನೆ: ಅಪ್ಪ ಕೇಂದ್ರ ಸರ್ಕಾರಿ ನೌಕರರು. ಕೆಲಸಕ್ಕೆ ಸೇರಿದಾಗ ಕೊಟ್ಟ ದಾಖಲೆಯಲ್ಲಿ 1968 ಅಂತ ಮಾತ್ರ ಇತ್ತು. ಆಧಾರ್‌ನಲ್ಲಿ 01/01/1968 ಇದೆ. ನಿವೃತ್ತಿಗೆ ಯಾವುದು ಲೆಕ್ಕ?

ಉತ್ತರ: ಸೇವಾ ಪುಸ್ತಕದಲ್ಲಿ ಬರೆದಿರುವುದೇ ಲೆಕ್ಕ. ಅಲ್ಲಿ 1968ರ ಜುಲೈ 1 ಇರಬೇಕು, ನೋಡಿ. ವರ್ಷ ಮಾತ್ರ ಗೊತ್ತಿದ್ದರೆ ಜುಲೈ 1, ವರ್ಷ ಮತ್ತು ತಿಂಗಳು ಗೊತ್ತಿದ್ದರೆ ಆ ತಿಂಗಳ 16 ಅಂತ ಹಿಡಿಯುವುದು ಕೇಂದ್ರದ ಹಳೆಯ ನಿಯಮ. ವರ್ಷದ ನಡುವಿನ ದಿನ ಹಿಡಿದರೆ ತಪ್ಪಿದರೂ ಆರು ತಿಂಗಳಿಗಿಂತ ಜಾಸ್ತಿ ತಪ್ಪುವುದಿಲ್ಲ, ಅಲ್ವಾ?

ಆಧಾರ್‌ನ ಜನವರಿ 1 ಬೇರೆ ದಾರಿಯಲ್ಲಿ ಬಂದದ್ದು. ವಯಸ್ಸು ಅಂದಾಜಿಗೆ ಹೇಳಿದವರಿಗೆ ಅಲ್ಲಿ ಸಾಮಾನ್ಯವಾಗಿ ಆ ದಿನವೇ ಬೀಳುತ್ತದೆ. ಅದು ಗುರುತಿನ ದಾಖಲೆ, ಹುಟ್ಟಿದ ದಿನದ ಪುರಾವೆ ಅಲ್ಲ.

ಈಗ ಲೆಕ್ಕ ಹಾಕೋಣ. 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ 1ನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ. ಹಾಗಾಗಿ ಜುಲೈ 1ಕ್ಕೆ 2028ರ ಜೂನ್ 30. ಜನವರಿ 1 ಹಿಡಿದಿದ್ದರೆ 2027ರ ಡಿಸೆಂಬರ್ 31ಕ್ಕೇ ಮನೆಗೆ!

ತಿದ್ದುಪಡಿಗೆ ಸೇವೆಗೆ ಸೇರಿದ ಐದು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ಈಗ ಆಧಾರ್ ತೋರಿಸಿ ಸೇವಾ ಪುಸ್ತಕ ತಿದ್ದಿಸಲು ಸುಮ್ನೆ ಓಡಾಡಬೇಡಿ.