ಮೂರು ಕಂತು ಕೂಡಿದರೆ 4,75,812: ಇದಕ್ಕೂ ವಟಾವಕ್ಕೂ ಸಂಬಂಧವಿಲ್ಲ

ಓದುಗರ ಪತ್ರ: ಸರ್, 5,00,000 ರೂಪಾಯಿಯ ಡಿಬೆಂಚರ್‌ಗಳನ್ನು ಶೇ. 5ರ ವಟಾವದಲ್ಲಿ ಬಿಟ್ಟು, ಮೂರು ವರ್ಷಕ್ಕೆ ಸಿಂಕಿಂಗ್ ಫಂಡ್‌ನಿಂದ ತೀರಿಸುವ ಲೆಕ್ಕ ಬಂದಿದೆ. ಹೂಡಿಕೆಯ ಬಡ್ಡಿ ಶೇ. 5. ವರ್ಷದ ಕಂತು 1,58,604. ಮೂರು ಸಲಕ್ಕೆ 4,75,812. ಕಂಪನಿಗೆ ಬಂದದ್ದೂ 4,75,000. ಅಂದರೆ ವಟಾವ ಕಳೆದೇ ಕಂತು ಕಟ್ಟುವುದಾ? ಮತ್ತೆ ಮೂರನೇ ವರ್ಷ ಹೂಡಿಕೆಯ ನಮೂದೇ ಯಾಕಿಲ್ಲ?
– ಬಿ.ಕಾಂ. ವಿದ್ಯಾರ್ಥಿನಿ, ಜಮಖಂಡಿ

ಸಂಪಾದಕರ ಉತ್ತರ: ಇಲ್ಲ ತಂಗಿ. ಎರಡೂ ಅಂಕಿ ಪಕ್ಕಪಕ್ಕಕ್ಕೆ ಬಂದದ್ದು ಬರೀ ಕಾಕತಾಳೀಯ. ನಂಬಿಕೆ ಬರದಿದ್ದರೆ ಹೂಡಿಕೆಯ ಬಡ್ಡಿಯನ್ನು ಶೇ. 8 ಮಾಡಿ ನೋಡಿ. ಕಂತು 1,54,017ಕ್ಕೆ ಇಳಿಯುತ್ತದೆ, ಮೂರರ ಮೊತ್ತ 4,62,051. ವಟಾವ ಮಾತ್ರ ಇದ್ದಲ್ಲೇ ಇದೆ, 25,000. ಕಂತುಗಳಲ್ಲಿ ಕಡಿಮೆ ಬಿದ್ದ ಹಣವನ್ನು ತುಂಬಿಕೊಡುವುದು ಹೂಡಿಕೆಯ ಬಡ್ಡಿ.

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿ ಕಂಪನಿ ಈ ಸಾಲ ಎತ್ತಿದೆ ಅಂದುಕೊಳ್ಳೋಣ. ಮೊದಲ ದಿನದ ನಮೂದು ಹೀಗೆ:

ಬ್ಯಾಂಕ್ ಖಾತೆ ಡೆಬಿಟ್ 4,75,000
ಡಿಬೆಂಚರ್ ವಟಾವ ಖಾತೆ ಡೆಬಿಟ್ 25,000
ಡಿಬೆಂಚರ್ ಖಾತೆಗೆ ಕ್ರೆಡಿಟ್ 5,00,000

ಕೈಗೆ ಎಷ್ಟೇ ಬಂದಿರಲಿ, ಹೊಣೆ ನಿಂತಿರುವುದು 5,00,000ಕ್ಕೆ. ಡಿಬೆಂಚರ್‌ದಾರರಿಗೆ ಕೊಡುವ ಬಡ್ಡಿಯೂ ಇದರ ಮೇಲೆಯೇ, ಸಿಂಕಿಂಗ್ ಫಂಡಿನ ಗುರಿಯೂ ಇದೇ. 4,75,000ದ ಮೇಲೆ ಕಂತು ಕಟ್ಟಿದ್ದರೆ ಕೊನೆಗೆ 25,000 ಕಡಿಮೆ ಬೀಳುತ್ತಿತ್ತು. ಇನ್ನು ವಟಾವ ನಷ್ಟದ ಬಾಬ್ತು, ಅದರ ದಾರಿಯೇ ಬೇರೆ. ಕಂಪನಿ ಕಾಯ್ದೆ 2013ರ 52ನೇ ಕಲಮು ಸೆಕ್ಯುರಿಟೀಸ್ ಪ್ರೀಮಿಯಂ ಖಾತೆಯಿಂದ ಇದನ್ನು ವಜಾ ಮಾಡಲು ಅವಕಾಶ ಕೊಡುತ್ತದೆ. ಆ ಖಾತೆಯಲ್ಲಿ ಹಣವಿಲ್ಲದಿದ್ದರೆ ಲಾಭ-ನಷ್ಟದ ಲೆಕ್ಕಕ್ಕೇ ಹಾಕಬೇಕು. ಮೂರು ವರ್ಷಕ್ಕೆ ಹಂಚಿರಿ ಎಂದು ಪ್ರಶ್ನೆಯಲ್ಲಿದ್ದರೆ ವರ್ಷಕ್ಕೆ ಸುಮಾರು 8,333. ಸಿಂಕಿಂಗ್ ಫಂಡಿನ ಕಂತು ಹಾಗಲ್ಲ. ಅದು ಖರ್ಚಲ್ಲ, ಬಂದ ಲಾಭದಲ್ಲಿ ಎತ್ತಿಡುವ ಪಾಲು.

ಈಗ ಫಂಡ್ ನೋಡೋಣ. ಮೊದಲ ವರ್ಷದ ಕೊನೆಗೆ ಎರಡು ನಮೂದು ಸಾಕು. ಲಾಭ-ನಷ್ಟ ಹಂಚಿಕೆ ಖಾತೆ ಡೆಬಿಟ್, ಸಿಂಕಿಂಗ್ ಫಂಡ್ ಖಾತೆಗೆ ಕ್ರೆಡಿಟ್, 1,58,604. ಆಮೇಲೆ ಸಿಂಕಿಂಗ್ ಫಂಡ್ ಹೂಡಿಕೆ ಖಾತೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್, ಅಷ್ಟೇ ಮೊತ್ತ. ಮೊದಲನೆಯದು ಹಣ ಇಂಥದ್ದಕ್ಕೆ ಮೀಸಲು ಎಂದು ಬರೆದಿಡುತ್ತದೆ. ಎರಡನೆಯದು ಆ ಹಣವನ್ನು ನಿಜವಾಗಿಯೂ ವ್ಯಾಪಾರದಿಂದ ಹೊರಗೆ ಒಯ್ದು ಇಡುತ್ತದೆ. ಇದನ್ನು ಬಿಟ್ಟರೆ ಪುಸ್ತಕದಲ್ಲಿ ನಿಧಿ ಇರುತ್ತದೆ, ತೀರಿಸುವ ದಿನ ಬ್ಯಾಂಕಿನಲ್ಲಿ ದುಡ್ಡಿರುವುದಿಲ್ಲ.

ಹುಡುಗರು ಎಡವುವುದು ಎರಡನೇ ವರ್ಷದಲ್ಲಿ. 1,58,604ರ ಮೇಲೆ ಬಡ್ಡಿ 7,930 ಬರುತ್ತದೆ. ಬ್ಯಾಂಕ್ ಡೆಬಿಟ್, ಹೂಡಿಕೆಯ ಬಡ್ಡಿ ಖಾತೆಗೆ ಕ್ರೆಡಿಟ್. ಆ ಬಡ್ಡಿ ಖಾತೆಯನ್ನು ಸಿಂಕಿಂಗ್ ಫಂಡಿಗೆ ವರ್ಗಾಯಿಸಿ ಮುಚ್ಚಬೇಕು. ಲಾಭ-ನಷ್ಟ ಖಾತೆಗೆ ಒಯ್ದಿರೋ, ಲೆಕ್ಕ ಅಲ್ಲೇ ಕೆಟ್ಟಿತು. ಎಂದಿನ ಕಂತು ಸೇರಿಸಿ ಈ ಸಲ ಹೂಡುವುದು 1,66,534, ಬರೀ 1,58,604 ಅಲ್ಲ. ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಫಂಡ್ ಖಾತೆಯ ಶಿಲ್ಕನ್ನೂ ಹೂಡಿಕೆ ಖಾತೆಯ ಶಿಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡನೇ ವರ್ಷದ ಕೊನೆಗೆ ಎರಡೂ ಕಡೆ 3,25,138 ಇರಲೇಬೇಕು.

ಮೂರನೇ ವರ್ಷ ಬಡ್ಡಿ 16,257, ಕಂತು 1,58,604. ಎರಡನ್ನೂ ಫಂಡಿಗೆ ಜಮಾ ಮಾಡುತ್ತೇವೆ, ಹೂಡುವುದಿಲ್ಲ. ಅದೇ ದಿನ ಹೂಡಿಕೆಯನ್ನೆಲ್ಲ ಮಾರಿ ಸಾಲ ತೀರಿಸಬೇಕಿರುವಾಗ ಬೆಳಿಗ್ಗೆ ಕೊಂಡು ಸಂಜೆ ಮಾರುವುದರಲ್ಲಿ ಅರ್ಥವಿಲ್ಲ. ಫಂಡಿನ ಮೊತ್ತ 4,99,999ಕ್ಕೆ ನಿಲ್ಲುತ್ತದೆ. ಆ ಒಂದು ರೂಪಾಯಿ ಪೈಸೆ ಬಿಟ್ಟದ್ದರಿಂದ ಕಡಿಮೆಯಾದದ್ದು. ಪರೀಕ್ಷೆಯಲ್ಲಿ ಕೊನೆಯ ಕಂತಿನಲ್ಲಿ ಸರಿಮಾಡಿಕೊಂಡರೆ ಯಾರೂ ತಕರಾರು ಮಾಡುವುದಿಲ್ಲ.

ಮಾರಾಟದಲ್ಲಿ ಪುಸ್ತಕದ ಬೆಲೆಯೇ ಸಿಗುತ್ತದೆಂಬ ಖಾತ್ರಿಯಿಲ್ಲ. 3,25,138ರ ಹೂಡಿಕೆ 3,20,000ಕ್ಕೆ ಹೋಯಿತು ಅನ್ನಿ. 5,138ರ ನಷ್ಟವನ್ನು ಹೊರುವುದೂ ಸಿಂಕಿಂಗ್ ಫಂಡೇ: ಫಂಡ್ ಖಾತೆ ಡೆಬಿಟ್, ಹೂಡಿಕೆ ಖಾತೆಗೆ ಕ್ರೆಡಿಟ್. ಲಾಭ ಬಂದರೆ ಇದರ ತಿರುಗುಮುರುಗು. ಆಮೇಲೆ ಡಿಬೆಂಚರ್ ಖಾತೆ ಡೆಬಿಟ್ 5,00,000, ಡಿಬೆಂಚರ್‌ದಾರರ ಖಾತೆಗೆ ಕ್ರೆಡಿಟ್. ಹಣ ಕೊಟ್ಟಾಗ ಡಿಬೆಂಚರ್‌ದಾರರ ಖಾತೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್.

ಇಲ್ಲಿ ಹಲವರು ಫಂಡನ್ನು ಡಿಬೆಂಚರ್ ಖಾತೆಗೇ ವರ್ಗಾಯಿಸಿ ಎರಡನ್ನೂ ಒಟ್ಟಿಗೆ ಮುಚ್ಚಿಬಿಡುತ್ತಾರೆ. ಅದು ತಪ್ಪು. ಸಾಲ ತೀರಿದ್ದು ಬ್ಯಾಂಕಿನ ಹಣದಿಂದ. ಫಂಡ್ ಎಂದರೆ ಎತ್ತಿಟ್ಟ ಲಾಭ, ಅದು ಇನ್ನೂ ಷೇರುದಾರರದ್ದೇ. ಆದ್ದರಿಂದ ನಷ್ಟ ಕಳೆದು ಉಳಿದ 4,94,861 ಸಾಮಾನ್ಯ ಮೀಸಲು ಖಾತೆಗೆ ಹೋಗುತ್ತದೆ. ಮಾರಾಟದಲ್ಲಿ ಕಡಿಮೆ ಬಿದ್ದ ಐದು ಸಾವಿರ ಚಿಲ್ಲರೆ ನಗದನ್ನು ಕಂಪನಿ ತನ್ನ ಬೇರೆ ಶಿಲ್ಕಿನಿಂದಲೇ ಹೊಂದಿಸಬೇಕು.