ತಡವಾದ ಸಂಬಳದಲ್ಲಿ ಕಳೆದುಹೋದ ಪಾಲು

“ಸಂಬಳ ಪೂರ್ತಿ ಬಂದಿದೆ, ಹದಿನೈದು ದಿನ ತಡವಾಯಿತು ಅಷ್ಟೇ. ನಷ್ಟ ಎಲ್ಲಿದೆ?”

ಮಾನ್ಯರೇ, 2023ರ ಡಿಸೆಂಬರ್‌ನ ಅರ್ಜೆಂಟೀನಾವನ್ನೇ ನೋಡೋಣ. ಅಲ್ಲಿ ಆ ಒಂದೇ ತಿಂಗಳಲ್ಲಿ ಬೆಲೆಗಳು ಶೇ. 25.5ರಷ್ಟು ಏರಿದವು. ತಿಂಗಳ ಮೊದಲ ದಿನ ಕೈಸೇರಬೇಕಿದ್ದ 4,00,000 ಪೆಸೊ ತಿಂಗಳ ಕೊನೆಗೆ ಬಂದರೆ, ಅದನ್ನು 1.255ರಿಂದ ಭಾಗಿಸಬೇಕು, ಆಗ ಮೊದಲ ದಿನದ ಬೆಲೆಯಲ್ಲಿ ಸುಮಾರು 3,18,700 ಪೆಸೊ ಮೌಲ್ಯದ ಸಾಮಾನು ಮಾತ್ರ ಸಿಗುತ್ತದೆ. ಅನೇಕರು ಇಲ್ಲಿ ನೇರವಾಗಿ ಶೇ. 25.5ನ್ನು ಕಳೆದುಬಿಡುತ್ತಾರೆ, ಅದು ತಪ್ಪು. ನಿಜವಾದ ನಷ್ಟ ಶೇ. 20ಕ್ಕೆ ತುಸು ಹೆಚ್ಚು. ಅರ್ಧ ತಿಂಗಳ ವಿಳಂಬಕ್ಕೆ 1.255ರ ವರ್ಗಮೂಲವಾದ 1.12ರಿಂದ ಭಾಗಿಸಿದರೆ ಉಳಿಯುವುದು ಸುಮಾರು 3,57,000, ಅಂದರೆ ಒಂಬತ್ತರಲ್ಲಿ ಒಂದು ಪಾಲಿಗೂ ಸ್ವಲ್ಪ ಕಡಿಮೆ ಕರಗಿದೆ.

ಆದರೆ ಈ ಲೆಕ್ಕ, ಬೆಲೆ ದಿನದಿನವೂ ಒಂದೇ ವೇಗದಲ್ಲಿ ಏರಿತೆಂದು ಭಾವಿಸುತ್ತದೆ. ವಾಸ್ತವದಲ್ಲಿ ಡಿಸೆಂಬರ್ 12ರಂದು ಸರ್ಕಾರ ಅಪಮೌಲ್ಯವನ್ನು ಪ್ರಕಟಿಸಿ, ಡಾಲರಿನ ಅಧಿಕೃತ ದರ ಸುಮಾರು 366 ಪೆಸೊದಿಂದ 800ಕ್ಕೆ ಜಿಗಿದದ್ದರಿಂದ, 10ನೇ ತಾರೀಖಿಗೆ ಸಂಬಳ ಪಡೆದು ಅಂದೇ ದಿನಸಿ ತಂದವನಿಗೂ 20ಕ್ಕೆ ಪಡೆದವನಿಗೂ ನಡುವಿನ ಅಂತರ, ನನ್ನ ಅಂದಾಜಿನಲ್ಲಿ, ಈ ಸರಾಸರಿ ತೋರಿಸುವುದಕ್ಕಿಂತ ದೊಡ್ಡದು.